ನೀಲಿ ಟ್ಯೂಬಿನ ಗೀಟು

ಪ್ರಾಣಿಗಳ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದ ಆಕೆಯನ್ನು ಎಲ್ಲರೂ ಗೀಟಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಂದವರು, ಗೀತಕ್ಕ ಇರಬೇಕು, ತಮ್ಮ ಕಿವಿಗೇ ತಪ್ಪಾಗಿ ಕೇಳಿಸಿರಬೇಕು ಅಂದುಕೊಂಡು ನಾಲ್ಕು ದಿನ ಗೀತಕ್ಕ ಎನ್ನುತ್ತಿದ್ದರು. ಐದನೆಯ ದಿನ ಅವರು ಕಳಿಸಿದ ರಕ್ತದ ಟ್ಯೂಬೊಂದು ವಾಪಸು ಬರುತ್ತಿತ್ತು, ‘ಗೀಟಿನವರೆಗೆ ತುಂಬಿಲ್ಲ, ಇನ್ನೊಮ್ಮೆ ತೆಗೆಯಿರಿ’ ಎಂಬ ಚೀಟಿಯ ಸಮೇತ. ಆಮೇಲೆ ಅವರೂ ದಾರಿಗೆ ಬರುತ್ತಿದ್ದರು. ಆಕೆಗೆ ಈ ಹೆಸರಿನ ಬಗ್ಗೆ ಬೇಸರವಿರಲಿಲ್ಲ. ಅಪ್ಪ ಇಟ್ಟ ಹೆಸರಿಗಿಂತ ತಾನೇ ಸಂಪಾದಿಸಿದ ಹೆಸರು ಮೇಲು ಎಂದು ನಗುತ್ತಿದ್ದಳು.

ಲ್ಯಾಬು ಎಂದರೆ ಮೊದಲನೇ ಮಹಡಿಯ ಒಂದು ಉದ್ದನೆಯ ಕೋಣೆ. ಕಿಟಕಿಯ ಪಕ್ಕ ಸೂಕ್ಷ್ಮದರ್ಶಕ, ಅದರ ಪಕ್ಕ ರಕ್ತಕಣ ಎಣಿಸುವ ಮಷೀನು, ಆಚೆ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ಅಳೆಯುವ ಸಣ್ಣ ಪೆಟ್ಟಿಗೆ. ಒಡೆದ ಬೀಕರಿನಲ್ಲಿ ಒಂದು ಬಳ್ಳಿ. ಬೆಳಿಗ್ಗೆ ಆಕೆ ಬಂದು ಕಿಟಕಿ ತೆಗೆದು, ಎರಡೂ ಮಷೀನುಗಳಿಗೆ ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲು ಹಾಕಿ, ಅವು ಸರಿಯಾದ ಅಂಕಿ ಕೊಟ್ಟ ಮೇಲೆಯೇ ಚಹಾ ಕುಡಿಯುವುದು. ಮಷೀನು ಸುಳ್ಳು ಹೇಳಿದ ದಿನ ಚಹಾ ತಣ್ಣಗಾಗುತ್ತಿತ್ತು.

ಆ ಸೋಮವಾರ ಚಹಾ ಬಿಸಿಯಾಗಿಯೇ ಕುಡಿದು ಆಕೆ ಕೆಳಗಿನ ಉಗ್ರಾಣಕ್ಕೆ ರಕ್ತಕಣಗಳಿಗೆ ಹಾಕುವ ಬಣ್ಣದ ಬಾಟಲಿ ತರಲು ಹೋದಳು. ಉಗ್ರಾಣದವನ ಬೀಗದ ಕೈ ಎಂದಿನಂತೆ ಸಿಗಲಿಲ್ಲ. ಅವಳು ಅಲ್ಲಿ ಕಾಯುತ್ತಿದ್ದ ಆ ಮುಕ್ಕಾಲು ಗಂಟೆಯಲ್ಲೇ ಬೈಂಡಿಂಗ್ ಅಂಗಡಿಯ ಗಂಡ ಹೆಂಡತಿ ತಮ್ಮ ನಾಯಿಯನ್ನು ಎತ್ತಿಕೊಂಡು ಬಂದದ್ದು.

ಇಬ್ಬರಿಗೂ ಅರವತ್ತು ದಾಟಿತ್ತು. ಪುಸ್ತಕ ಬೈಂಡು ಮಾಡುವುದು ಅವರ ಕಸುಬು. ಹೆಂಡತಿ ಹಾಳೆ ಹೊಲಿಯುತ್ತಾಳೆ, ಗಂಡ ಅಂಟು ಹಚ್ಚಿ ರಟ್ಟು ಕೂರಿಸುತ್ತಾನೆ. ನಾಯಿಯ ಹೆಸರು ಗೋಂದು. ಮರಿಯಾಗಿದ್ದಾಗ ಅಂಟಿನ ಬಕೆಟ್ಟಿಗೆ ಬಿದ್ದು, ಮೈಯೆಲ್ಲ ಗಟ್ಟಿಯಾಗಿ, ಅರ್ಧ ದಿನ ಬೊಂಬೆಯಂತೆ ನಿಂತಿದ್ದ ಹೆಣ್ಣು ನಾಯಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿದ್ದು. ಈಗ ಆರು ವರ್ಷ.

"ಬೆಳಿಗ್ಗೆಯಿಂದ ಮೂಗಲ್ಲಿ ರಕ್ತ ಡಾಕ್ಟ್ರೇ," ಎಂದಳು ಹೆಂಡತಿ. "ಒರೆಸ್ತೀನಿ, ಮತ್ತೆ ಬರುತ್ತೆ. ಒರೆಸ್ತೀನಿ, ಮತ್ತೆ ಬರುತ್ತೆ."

ಡಾಕ್ಟರು ಆಸ್ಪತ್ರೆಗೆ ಬಂದು ಎಂಟು ತಿಂಗಳಾಗಿತ್ತು. ಕೈ ಚುರುಕು, ಮಾತು ಮೆದು. ಗೋಂದುವಿನ ತುಟಿ ಎತ್ತಿ ನೋಡಿದರು. ವಸಡಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಮಗುಚಿ ಮಲಗಿಸಿ ನೋಡಿದರೆ ಹೊಟ್ಟೆಯ ತೆಳು ಚರ್ಮದ ಮೇಲೂ ಅವೇ ಚುಕ್ಕೆ, ಯಾರೋ ಕೆಂಪು ಪೆನ್ನಿನಲ್ಲಿ ಕುಟ್ಟಿದ ಹಾಗೆ.

"ಮನೇಲಾಗಲಿ ಅಂಗಡೀಲಾಗಲಿ ಇಲಿ ಪಾಷಾಣ ಇಟ್ಟಿದ್ದೀರಾ?" ಎಂದು ಕೇಳಿದರು.

"ಇಲ್ಲವೇ ಇಲ್ಲ," ಎಂದಳು ಹೆಂಡತಿ. "ನಾಯಿ ಇರೋ ಮನೇಲಿ ಅದನ್ನ ತರಬೇಡಿ ಅಂತ ನಾನು ಹತ್ತು ಸಲ ಹೇಳಿದ್ದೀನಿ."

ಉಗುರಿನ ಸಂದಿಯಲ್ಲಿ ಒಣಗಿದ ಅಂಟನ್ನು ಕೆರೆಯುತ್ತಿದ್ದ ಗಂಡ ನಿಧಾನವಾಗಿ ತಲೆ ಎತ್ತಿದ.

"ಇಟ್ಟಿದ್ದೀನಿ," ಎಂದ. "ಬುಧವಾರ. ಕಟಿಂಗ್ ಮಷೀನಿನ ಹಿಂದೆ. ಇಲಿ ಬಂದು ಅಂಟು ಹಚ್ಚಿದ ಪುಸ್ತಕದ ಬೆನ್ನನ್ನೆಲ್ಲ ತಿಂದು ಹಾಕ್ತಿತ್ತು. ನಾಲ್ಕು ಬಿಲ್ಲೆ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ನೋಡ್ತೀನಿ, ಮೂರೇ ಇವೆ."

ಹೆಂಡತಿ ನಾಯಿಯ ಮೂಗು ಒರೆಸುವುದನ್ನು ನಿಲ್ಲಿಸಿದಳು. ಗಂಡನನ್ನು ನೋಡಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಟ್ಟೆಯ ಇನ್ನೊಂದು ತುದಿ ಹುಡುಕಿ ಮತ್ತೆ ಒರೆಸತೊಡಗಿದಳು.

ಡಾಕ್ಟರು ಬೆರಳಲ್ಲಿ ದಿನ ಎಣಿಸಿದರು. ಆ ಜಾತಿಯ ವಿಷ ತಿಂದ ನಾಯಿ ಮೂರು ನಾಲ್ಕು ದಿನ ಆರಾಮಾಗಿ ಓಡಾಡಿಕೊಂಡಿದ್ದು ಆಮೇಲೆ ರಕ್ತ ಸುರಿಸುತ್ತದೆ. ಬುಧವಾರದಿಂದ ಸೋಮವಾರ, ಲೆಕ್ಕ ಸರಿಹೋಗುತ್ತಿತ್ತು. ಅವರು ಮುಂಗಾಲಿನ ನರಕ್ಕೆ ಸೂಜಿ ಹಾಕಿದರು. ನೇರಳೆ ಮುಚ್ಚಳದ ಟ್ಯೂಬು ತುಂಬಿತು. ನೀಲಿ ಮುಚ್ಚಳದ್ದು ತುಂಬುತ್ತಿದ್ದಾಗ ಗೋಂದು ಕಾಲು ಕೊಸರಿತು. ಮತ್ತೆ ಚುಚ್ಚಿದರೆ ಮತ್ತೊಂದು ತೂತು ಎಂದು ಡಾಕ್ಟರು ಅಷ್ಟಕ್ಕೇ ನಿಲ್ಲಿಸಿ, ಹತ್ತಿ ಒತ್ತಿ ಬ್ಯಾಂಡೇಜು ಸುತ್ತಿದರು. ಮೇಲೆ ಲ್ಯಾಬಿನಲ್ಲಿ ಗೀಟಕ್ಕ ಇರಲಿಲ್ಲ. ಕಾಯುವ ತಾಳ್ಮೆಯಿಲ್ಲದೆ ಎರಡೂ ಟ್ಯೂಬುಗಳನ್ನು ತಾವೇ ಮಷೀನಿಗೆ ಕೊಟ್ಟರು.

ಬಣ್ಣದ ಬಾಟಲಿ ಹಿಡಿದು ಮೆಟ್ಟಿಲು ಹತ್ತುವಾಗ ಗೀಟಕ್ಕನಿಗೆ ಕಾಯುವವರ ಬೆಂಚು ಕಂಡಿತು. ಒಂದು ತುದಿಯಲ್ಲಿ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡ ಹೆಂಗಸು. ಇನ್ನೊಂದು ತುದಿಯಲ್ಲಿ ಗಂಡಸು. ನಡುವೆ ಇನ್ನೂ ಮೂವರು ಕೂರುವಷ್ಟು ಜಾಗ. ಒಬ್ಬರಿಗೊಬ್ಬರು ಗುರುತಿಲ್ಲದವರು ಎಂದುಕೊಂಡಳು, ಆದರೆ ಇಬ್ಬರ ಬಟ್ಟೆಯ ಮೇಲೂ ಒಂದೇ ಬಗೆಯ ಬಿಳಿ ಅಂಟಿನ ಕಲೆಯಿತ್ತು.

ಲ್ಯಾಬಿನಲ್ಲಿ ಡಾಕ್ಟರು ಎರಡು ಚೀಟಿ ಹಿಡಿದು ನಿಂತಿದ್ದರು.

"ಗೀಟಕ್ಕ, ಕೈಗೆ ಸಿಗೋ ಹಾಗೆ ಕಾಣ್ತಿಲ್ಲ ಈ ಬೈಂಡಿಂಗ್ ಅಂಗಡಿಯವರ ನಾಯಿ," ಎಂದರು. "ಪ್ಲೇಟ್‌ಲೆಟ್ ಆರು ಸಾವಿರ. ಎರಡು ಲಕ್ಷ ಇರಬೇಕಾದ ಕಡೆ ಆರು ಸಾವಿರ. ಅದೊಂದೇ ಆಗಿದ್ರೆ ಪ್ಲೇಟ್‌ಲೆಟ್ಟಿನ ಕಾಯಿಲೆ ಅಂತಿದ್ದೆ, ಚುಕ್ಕೆನೂ ಹಾಗೇ ಇದೆ. ಆದರೆ ಹೆಪ್ಪುಗಟ್ಟೋ ಟೈಮು ಎರಡು ಟೆಸ್ಟಲ್ಲೂ ಎಳೆದಿದೆ. ಪಿಟಿ ಎಂಟು ಸೆಕೆಂಡ್ ಬರಬೇಕು, ಹನ್ನೆರಡು ಬಂದಿದೆ. ಎಪಿಟಿಟಿ ಹದಿನಾಲ್ಕರ ಜಾಗದಲ್ಲಿ ಇಪ್ಪತ್ತೇಳು. ವಿಷವೂ ಆಗಿರಬಹುದು. ಇಲ್ಲ, ಮೈಯೊಳಗೇ ಎಲ್ಲಾ ಕಡೆ ಹೆಪ್ಪುಗಟ್ಟಿ ಹೆಪ್ಪುಗಟ್ಟಿಸೋ ಸಾಮಾನೆಲ್ಲ ಖಾಲಿ ಆಗಿರಬಹುದು. ಹಾಗಿದ್ರೆ ಉಳಿಯೋದು ಕಷ್ಟ."

"ಟ್ಯೂಬು ಎಲ್ಲಿ?" ಎಂದಳು ಗೀಟಕ್ಕ.

ಡಾಕ್ಟರು ಸ್ಟ್ಯಾಂಡಿನ ಕಡೆ ಕೈ ತೋರಿಸಿದರು. ಆಕೆ ನೀಲಿ ಮುಚ್ಚಳದ ಟ್ಯೂಬನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ತುಂಬಬೇಕಾದ ಮಟ್ಟಕ್ಕೆ ಗಾಜಿನ ಮೇಲೊಂದು ಗೀಟು ಇರುತ್ತದೆ. ಒಳಗಿನದು ಅದರ ಅರ್ಧಕ್ಕೆ ನಿಂತಿತ್ತು. ಆಕೆ ಟ್ಯೂಬನ್ನು ಡಾಕ್ಟರ ಕಣ್ಣಿನ ಮಟ್ಟಕ್ಕೆ ತಂದಳು.

ಡಾಕ್ಟರ ಕಿವಿ ಕೆಂಪಾಯಿತು. "ನಾಯಿ ಕಾಲು ಎಳೀತು," ಎಂದರು. "ಆಮೇಲೆ ನೋಡಲೇ ಇಲ್ಲ ನಾನು."

"ನಾಯಿ ಎಳೆದೇ ಎಳೀತದೆ, ಅದರ ಕಾಲು ತಾನೇ," ಎಂದಳು ಗೀಟಕ್ಕ. "ಈ ಟ್ಯೂಬಲ್ಲಿ ಮೊದಲೇ ಸಿಟ್ರೇಟ್ ಇದೆ. ಅದು ಒಂದು ಪಾಲು, ರಕ್ತ ಒಂಬತ್ತು ಪಾಲು. ಅದು ರಕ್ತದ ಕ್ಯಾಲ್ಸಿಯಮ್ಮನ್ನ ಹಿಡಿದಿಟ್ಟುಕೊಂಡು ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತೆ. ಮಷೀನಲ್ಲಿ ನಾವು ಕ್ಯಾಲ್ಸಿಯಂ ವಾಪಸು ಹಾಕಿ ಗಡಿಯಾರ ಶುರು ಮಾಡ್ತೀವಿ. ರಕ್ತ ಅರ್ಧಕ್ಕರ್ಧ ಕಡಿಮೆ ಅಂದ್ರೆ ಸಿಟ್ರೇಟ್ ಮಿಗುತ್ತೆ. ಮಿಕ್ಕಿದ್ದು ನಾವು ಹಾಕೋ ಕ್ಯಾಲ್ಸಿಯಮ್ಮನ್ನೂ ನುಂಗುತ್ತೆ. ನನ್ನ ರಕ್ತ ಹೀಗೆ ಹಾಕಿದ್ರೂ ತಡವಾಗೇ ಬರುತ್ತೆ. ಈ ಚೀಟಿ ಹರಿದು ಹಾಕಿ."

"ಹಾಗಾದ್ರೆ ಪ್ಲೇಟ್‌ಲೆಟ್?"

"ಅದನ್ನೂ ನಂಬಬೇಡಿ ಈಗಲೇ. ಟ್ಯೂಬಲ್ಲಿ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿ ಗುಂಪಾಗಿದ್ರೆ ಮಷೀನು ಎಣಿಸೋದೇ ಇಲ್ಲ. ಎರಡು ಲಕ್ಷ ಇದ್ರೂ ಆರು ಸಾವಿರ ಅಂತ ಬರೆದು ಕೊಟ್ಟುಬಿಡುತ್ತೆ. ಕಣ್ಣಲ್ಲಿ ನೋಡೋಣ, ಕೂತ್ಕೊಳ್ಳಿ."

ಆಕೆ ನೇರಳೆ ಟ್ಯೂಬಿನಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲಿಟ್ಟು, ಇನ್ನೊಂದು ಪಟ್ಟಿಯ ಅಂಚಿನಿಂದ ಒಂದೇ ಎಳೆತಕ್ಕೆ ತೆಳ್ಳಗೆ ಹರಡಿದಳು. ಒಣಗಿಸಿ ಬಣ್ಣ ಹಾಕಿದಳು. ಬಣ್ಣ ಹಿಡಿಯುವಷ್ಟು ಹೊತ್ತು ಬಳ್ಳಿಗೆ ನೀರು ಹಾಕಿದಳು. ಡಾಕ್ಟರು ಎದ್ದು ಕೂತು ಮಾಡುತ್ತಿದ್ದರು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಆಕೆ ಮೊದಲು ಹೋದದ್ದು ಪಟ್ಟಿಯ ತುದಿಗೆ. ರಕ್ತ ಹರಡುವಾಗ ಗುಂಪುಗಳೇನಾದರೂ ಇದ್ದರೆ ಕೊನೆಯ ತೆಳು ಅಂಚಿಗೆ ಹೋಗಿ ಸೇರಿಕೊಳ್ಳುತ್ತವೆ. ಅಂಚನ್ನು ಈ ಕೊನೆಯಿಂದ ಆ ಕೊನೆಯವರೆಗೆ ನಿಧಾನವಾಗಿ ನೋಡಿದಳು. ಒಂದೂ ಗುಂಪು ಇರಲಿಲ್ಲ. ಆಮೇಲೆ ನಡುವಿನ ಜಾಗಕ್ಕೆ ಬಂದು ಎಣ್ಣೆಯ ಹನಿ ಬಿಟ್ಟು ದೊಡ್ಡ ಮಸೂರ ಹಾಕಿ ಎಣಿಸಿದಳು. ಆರೋಗ್ಯವಾದ ನಾಯಿಯಲ್ಲಿ ಒಂದೊಂದು ನೋಟಕ್ಕೂ ಹತ್ತಕ್ಕಿಂತ ಹೆಚ್ಚು ಪ್ಲೇಟ್‌ಲೆಟ್ ಕಾಣಬೇಕು. ಇಲ್ಲಿ ಎರಡು ನೋಟ ಖಾಲಿ, ಮೂರನೆಯದರಲ್ಲಿ ಒಂದು. ಮತ್ತೆ ಎರಡು ಖಾಲಿ.

"ಮಷೀನು ಸರಿಯಾಗೇ ಹೇಳಿದೆ," ಎಂದಳು. "ನಿಜವಾಗಲೂ ಇಲ್ಲ. ಆದ್ರೆ ಇರೋ ಒಂದೆರಡು ನೋಡಿ ಎಷ್ಟು ದಪ್ಪ ಇವೆ. ಕೆಂಪುಕಣದಷ್ಟು ದೊಡ್ಡವು. ಹೊಸದಾಗಿ ಹುಟ್ಟಿದವು. ಮೂಳೆಯೊಳಗೆ ಕಾರ್ಖಾನೆ ನಡೀತಿದೆ, ಹೊರಗೆ ಬಂದಮೇಲೆ ಯಾರೋ ಮುಗಿಸ್ತಿದ್ದಾರೆ. ಕೆಂಪುಕಣ ಎಲ್ಲೂ ಚೂರಾಗಿಲ್ಲ, ನೀವು ಹೆದರಿದ್ದಿರಲ್ಲ, ಆ ಕಾಯಿಲೇಲಿ ಸಾಮಾನ್ಯವಾಗಿ ಚೂರು ಕಾಣುತ್ತೆ. ಅಷ್ಟರಿಂದಲೇ ಅಲ್ಲ ಅನ್ನೋಕಾಗಲ್ಲ. ಇನ್ನೊಂದು ನೀಲಿ ಟ್ಯೂಬು ಬೇಕು. ನಾನೂ ಬರ್ತೀನಿ ನಡೀರಿ."

ಕೆಳಗೆ ಗೋಂದುವಿನ ಬ್ಯಾಂಡೇಜು ಬಿಚ್ಚಿದಾಗ ಹಳೆಯ ತೂತಿನ ಸುತ್ತ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಇನ್ನೊಂದು ಕಾಲು ಹಿಡಿದರು. ಹೆಂಡತಿ ನಾಯಿಯ ತಲೆಯನ್ನು ಕಂಕುಳಿಗೆ ಒತ್ತಿಕೊಂಡಳು. ಗೀಟಕ್ಕ ಟ್ಯೂಬು ಹಿಡಿದು ಬಗ್ಗಿ ನಿಂತಳು. ರಕ್ತ ಏರುತ್ತಾ ಏರುತ್ತಾ ಗೀಟನ್ನು ಮುಟ್ಟಿತು.

"ಸಾಕು," ಎಂದಳು ಆಕೆ. ಟ್ಯೂಬನ್ನು ಕುಲುಕದೆ ಐದು ಸಲ ಮೆಲ್ಲಗೆ ಮಗುಚಿದಳು. ಆಮೇಲೆ ಮೂಲೆಯಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿದಳು. "ನೀವು ಬನ್ನಿ ಇಲ್ಲಿ. ಈ ಹತ್ತಿ ಮೇಲೆ ಹೆಬ್ಬೆಟ್ಟು ಇಟ್ಟು ಒತ್ತಿ. ಹತ್ತು ನಿಮಿಷ. ನಡುವೆ ತೆಗೆದು ನೋಡಬಾರದು."

"ನಾನಾ?" ಎಂದ ಆತ.

"ಮತ್ತೆ ಬೈಂಡಿಂಗ್ ಹೆಬ್ಬೆಟ್ಟು ಇನ್ಯಾರ ಹತ್ರ ಇದೆ ಇಲ್ಲಿ?"

ಆತ ಬಂದು ಒತ್ತಿದ. ಹೆಂಡತಿ ತಲೆ ಹಿಡಿದಿದ್ದಳು, ಗಂಡ ಕಾಲು ಹಿಡಿದಿದ್ದ. ಅಷ್ಟು ಹತ್ತಿರ ನಿಂತು ಮಾತಾಡದೆ ಇರುವುದು ಕಷ್ಟವಾಗಿತ್ತು.

"ವಿಷಕ್ಕೆ ಮದ್ದು ಇದೆಯಂತಲ್ಲ ಡಾಕ್ಟ್ರೇ," ಎಂದ ಗಂಡ. "ವಿಟಮಿನ್ ಏನೋ. ಅದನ್ನ ಕೊಟ್ಟುಬಿಡಿ."

"ಕೊಡ್ತೀನಿ, ವಿಷ ಅಂತ ಗೊತ್ತಾದ್ರೆ. ಅರ್ಧ ಗಂಟೆ ಕೊಡಿ ನನಗೆ. ವಿಟಮಿನ್ ಕೆ ವಿಷಕ್ಕೆ ಸರಿಯಾದ ಮದ್ದೇ. ಆದರೆ ಪ್ಲೇಟ್‌ಲೆಟ್ ಇಲ್ಲದ ನಾಯಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ಆ ಕಾಯಿಲೆಗೆ ಬೇರೆ ಮದ್ದು. ತಪ್ಪು ಮದ್ದು ಕೊಟ್ಟು ಸುಮ್ಮನೆ ಕೂತರೆ ದಿನ ಹೋಗುತ್ತೆ."

"ಎರಡಕ್ಕೂ ಏನು ವ್ಯತ್ಯಾಸ? ರಕ್ತ ಅಂತೂ ಸುರೀತಿದೆಯಲ್ಲ," ಎಂದಳು ಹೆಂಡತಿ.

ಡಾಕ್ಟರು ಯೋಚಿಸಿದರು. "ನರದಲ್ಲಿ ಒಂದು ತೂತಾಗುತ್ತೆ ಅನ್ನಿ. ಮೊದಲು ಪ್ಲೇಟ್‌ಲೆಟ್ ಓಡಿ ಬಂದು ಅಲ್ಲಿ ಕೂತು ಮುಚ್ಚುತ್ತೆ. ಅದು ತಾತ್ಕಾಲಿಕ. ಆಮೇಲೆ ರಕ್ತದಲ್ಲಿರೋ ಬೇರೆ ಅಂಶಗಳು ಸೇರಿ ಬಲೆ ಹೆಣೆದು ಅದನ್ನ ಗಟ್ಟಿ ಮಾಡ್ತವೆ. ಇಲಿ ಪಾಷಾಣ ಕೆಡಿಸೋದು ಈ ಎರಡನೇ ಕೆಲಸವನ್ನ. ಆಗ ಎದೆಯೊಳಗೆ, ಹೊಟ್ಟೆಯೊಳಗೆ ರಕ್ತ ತುಂಬುತ್ತೆ, ಚರ್ಮದ ಕೆಳಗೆ ದೊಡ್ಡ ದೊಡ್ಡ ಗಂಟಾಗುತ್ತೆ. ಮೊದಲನೇ ಕೆಲಸ ಕೆಟ್ಟರೆ ಸಣ್ಣ ಚುಕ್ಕೆ, ಮೂಗು, ವಸಡು."

"ಹೊಲಿಗೆ ಒಂದು, ಅಂಟು ಒಂದು," ಎಂದ ಗಂಡ, ಹೆಬ್ಬೆಟ್ಟು ತೆಗೆಯದೆ. "ಹೊಲಿಗೆ ಇಲ್ಲದಿದ್ರೆ ಒಂದು ತರ ಬಿಚ್ಚಿಕೊಳ್ಳುತ್ತೆ, ಅಂಟು ಹಿಡೀದಿದ್ರೆ ಇನ್ನೊಂದು ತರ. ಪುಸ್ತಕ ನೋಡಿದ್ರೆ ಗೊತ್ತಾಗುತ್ತೆ ಯಾವುದು ಅಂತ."

"ಹಾಗಾದ್ರೆ ಹೊಲಿಗೆಯದ್ದೇ ತಪ್ಪಿರಲಿ ದೇವರೇ," ಎಂದಳು ಹೆಂಡತಿ. ಅಂಗಡಿಯಲ್ಲಿ ಹೊಲಿಯುವವಳು ತಾನೇ ಎಂಬುದು ಆಮೇಲೆ ಹೊಳೆದು, ಅವಳ ಬಾಯಿಯ ಒಂದು ಮೂಲೆ ಸಡಿಲಾಯಿತು.

ಮೇಲೆ ಗೀಟಕ್ಕ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿಟ್ಟು ಗಿರಗಿರ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ತೆಗೆದಳು. ಬೆಳಿಗ್ಗೆ ಹಾಕಿದ್ದರೂ ಇನ್ನೊಮ್ಮೆ ಕಂಟ್ರೋಲು ಹಾಕಿ, ಅಂಕಿ ಸರಿ ಬಂದ ಮೇಲೆ ಗೋಂದುವಿನದನ್ನು ಇಟ್ಟಳು. ಪಿಟಿ: ಎಂಟು ಸೆಕೆಂಡು. ಎಪಿಟಿಟಿ: ಹದಿನಾಲ್ಕು. ಎರಡನೆಯ ಸಲ ಇಟ್ಟಳು. ಮತ್ತೆ ಎಂಟು, ಮತ್ತೆ ಹದಿನಾಲ್ಕು. ಚೀಟಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುವಾಗ ಯಾವುದೋ ಹಳೆಯ ರಾಗ ಗುನುಗುತ್ತಿದ್ದಳು. ಡಾಕ್ಟರಿಗೆ ಅದು ಕೇಳಿಸಿಯೇ ಅರ್ಧ ಉತ್ತರ ಸಿಕ್ಕಿತು.

ಅವರು ಚೀಟಿ ಓದಿ, ಇನ್ನೊಮ್ಮೆ ಓದಿ, ಗಂಡ ಹೆಂಡತಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

"ವಿಷ ಅಲ್ಲ," ಎಂದರು. "ಬುಧವಾರದಿಂದ ಇವತ್ತಿನೊಳಗೆ ತಿಂದು, ಅದರಿಂದಲೇ ರಕ್ತ ಸುರೀತಿದ್ರೆ ಈ ಟೈಮು ಎಳೆದೇ ಎಳೀಬೇಕು. ಅದರಲ್ಲೂ ಪಿಟಿ ಮೊದಲು ಕೆಡುತ್ತೆ. ಎರಡೂ ಸರಿಯಾಗಿದೆ. ಗೋಂದುವಿನ ಮೈಯೇ ಅದರ ಪ್ಲೇಟ್‌ಲೆಟ್ಟನ್ನ ಹೊರಗಿನವು ಅಂತ ತಿಳಿದು ಹೊಡೆದು ಹಾಕ್ತಿದೆ ಅಂತ ನನ್ನ ಅಂದಾಜು. ಕೆಲವು ಸಲ ರಕ್ತ ಹೀರೋ ಉಣ್ಣೆ ಹುಳದಿಂದ ಬರೋ ಜ್ವರದಲ್ಲೂ ಹೀಗಾಗುತ್ತೆ, ಅದನ್ನೂ ಪರೀಕ್ಷೆ ಮಾಡ್ತೀನಿ. ಯಾರ ತಪ್ಪೂ ಅಲ್ಲ. ಮದ್ದಿದೆ. ಬಹಳ ನಾಯಿಗಳು ಉಳೀತವೆ."

ಗಂಡ ಒತ್ತಿದ ಹೆಬ್ಬೆಟ್ಟನ್ನು ತೆಗೆಯಲಿಲ್ಲ. ಹತ್ತು ನಿಮಿಷ ಯಾವಾಗಲೋ ಮುಗಿದಿತ್ತು. ಅವನ ಕಣ್ಣಿಂದ ನೀರು ಮೂಗಿನ ತುದಿಗೆ ಬಂದು ನಿಂತಿತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಹೆಂಡತಿ ಸೆರಗಿನಿಂದ ಅವನ ಮೂಗು ಒರೆಸಿದಳು. ಬೆಳಿಗ್ಗೆಯಿಂದ ನಾಯಿಯ ಮೂಗು ಒರೆಸಿದಷ್ಟೇ ಸಲೀಸಾಗಿ.

"ಇದು ತಿಂದಿಲ್ಲ ಅಂದ ಮಾತ್ರಕ್ಕೆ ನೀವು ಇಟ್ಟಿದ್ದು ಸುಳ್ಳಾಗಲ್ಲ," ಎಂದಳು. "ಮನೆಗೆ ಹೋದ ತಕ್ಷಣ ಆ ಮೂರೂ ತೆಗೆದು ಹೊರಗೆ ಹಾಕ್ತೀರಿ. ನಾಲ್ಕನೇದು ಸಿಗೋವರೆಗೂ ಅಂಗಡಿ ಗುಡಿಸ್ತೀರಿ."

"ಗುಡಿಸ್ತೀನಿ ಕಣೇ," ಎಂದ.

"ನನ್ನ ಹತ್ರ ಹೇಳದೆ ಮಾಡಿದ್ರಲ್ಲ, ಅದು ನನಗೆ..."

"ಗೊತ್ತು."

ಗೀಟಕ್ಕ ಅಲ್ಲಿ ನಿಲ್ಲಲಿಲ್ಲ. ಮೇಲೆ ಬೆಕ್ಕೊಂದರ ಮೂತ್ರ ಕಾಯುತ್ತಿತ್ತು.

ಗೋಂದುವನ್ನು ಮೂರು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಮೈಯ ಕಾವಲುಪಡೆಯನ್ನು ಸುಮ್ಮನಾಗಿಸಲು ಸ್ಟೆರಾಯ್ಡ್ ಮಾತ್ರೆ, ಪ್ಲೇಟ್‌ಲೆಟ್ ಬೇಗ ಏರಲೆಂದು ನರದೊಳಗೆ ಒಂದು ಇಂಜೆಕ್ಷನ್, ಉಣ್ಣೆ ಜ್ವರದ ಪರೀಕ್ಷೆಯ ಉತ್ತರ ಬರುವವರೆಗೆ ಅದಕ್ಕೊಂದು ಮಾತ್ರೆ. ಮೆತ್ತಗಿನ ಅನ್ನ ಮಾತ್ರ, ಮೂಳೆ ಕಡಿಯುವಂತಿಲ್ಲ, ಹಾರುವಂತಿಲ್ಲ. ಉಣ್ಣೆ ಜ್ವರ ಇಲ್ಲವೆಂದು ಉತ್ತರ ಬಂತು. ಎದೆ, ಹೊಟ್ಟೆಯ ಎಕ್ಸ್‌ರೇ ಚಿತ್ರಗಳಲ್ಲೂ ಏನೂ ಕಾಣಲಿಲ್ಲ. ಗೀಟಕ್ಕ ದಿನವೂ ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಕಣ್ಣಲ್ಲಿ ನೋಡುತ್ತಿದ್ದಳು. ಎರಡನೆಯ ದಿನ ಎಂಟು ಸಾವಿರ. ಮೂರನೆಯ ದಿನ ಇಪ್ಪತ್ತೊಂದು, ಮೂಗಿನ ರಕ್ತ ನಿಂತಿತ್ತು. ಮನೆಗೆ ಹೋಗಿ ಆರನೆಯ ದಿನ ತೋರಿಸಲು ಬಂದಾಗ ತೊಂಬತ್ತು ಸಾವಿರ. ಆ ದಿನ ಒಂದೊಂದು ನೋಟಕ್ಕೂ ಐದಾರು ಪ್ಲೇಟ್‌ಲೆಟ್ ಸಿಗುತ್ತಿದ್ದವು. ಆಕೆ ಎಣಿಸಿದ್ದಾದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ಕೂತಳು.

ಡಾಕ್ಟರು ಅರ್ಧ ತುಂಬಿದ ಆ ಮೊದಲ ಟ್ಯೂಬಿನ ಮಾತನ್ನು ತಾವೇ ಗಂಡ ಹೆಂಡತಿಗೆ ಹೇಳಿದರು. "ಆತುರಕ್ಕೆ ನಾನು ತಪ್ಪು ಮಾಡಿದ್ದೆ. ಗೀಟಕ್ಕ ನೋಡದಿದ್ರೆ ನಿಮಗೆ ವಿಷ ಅಂತಲೇ ಹೇಳಿ ಕಳಿಸ್ತಿದ್ದೆ."

"ಹೇಳಿದ್ರೆ ಇವರು ಇಷ್ಟು ಹೊತ್ತಿಗೆ ಊಟ ಬಿಟ್ಟು ಕೂತಿರ್ತಿದ್ರು," ಎಂದಳು ಹೆಂಡತಿ. "ಈಗ ನೋಡಿ, ನಾಯಿ ಜೊತೆ ಪೈಪೋಟಿ ಮೇಲೆ ತಿಂತಿದ್ದಾರೆ."

ಸ್ಟೆರಾಯ್ಡ್ ಮಾತ್ರೆಗಳಿಂದ ಗೋಂದುವಿಗೆ ತೀರದ ಹಸಿವು, ತೀರದ ಬಾಯಾರಿಕೆ. ಎರಡು ಬಟ್ಟಲು ನೀರು ಕುಡಿದು, ಬೈಂಡಿಗೆ ಬಂದಿದ್ದ ಶಾಲೆಯ ಹಾಜರಿ ಪುಸ್ತಕಗಳ ಕಟ್ಟಿನ ಮೇಲೆ ಉಚ್ಚೆ ಹೊಯ್ದಿತ್ತಂತೆ. ಗಂಡ ಹಾಳೆ ಹಾಳೆ ಬಿಡಿಸಿ ಹಗ್ಗಕ್ಕೆ ಒಣಹಾಕಿ, ಹೆಡ್‌ಮಾಸ್ಟರಿಗೆ ನೀರು ಬಿತ್ತು ಎಂದು ಹೇಳಿದ್ದನಂತೆ. ನಾಲ್ಕನೆಯ ಬಿಲ್ಲೆಯೂ ಸಿಕ್ಕಿತ್ತು, ರಟ್ಟಿನ ರಾಶಿಯ ಅಡಿಯಲ್ಲಿ. ಅದರ ಅಂಚಿನಲ್ಲಿ ಇಲಿಯ ಹಲ್ಲಿನ ಸಣ್ಣ ಗೆರೆಗಳು. ಈಗ ಅಂಗಡಿಯಲ್ಲಿ ಇಲಿಗೆ ಬೋನು ಇಟ್ಟಿದ್ದಾರೆ. ರಾತ್ರಿ ಅಂಟನ್ನು ಮುಚ್ಚಳದ ಡಬ್ಬಿಗೆ ತುಂಬಿಡುತ್ತಾರೆ.

ಮೂರನೆಯ ವಾರ ಎಣಿಕೆ ಎರಡು ಲಕ್ಷ ಮೂವತ್ತು ಸಾವಿರಕ್ಕೆ ಬಂತು. ಡಾಕ್ಟರು ಮಾತ್ರೆಯನ್ನು ತಿಂಗಳುಗಟ್ಟಲೆ ಹಂತ ಹಂತವಾಗಿ ಇಳಿಸಬೇಕೆಂದೂ, ಒಮ್ಮೆಲೇ ನಿಲ್ಲಿಸಬಾರದೆಂದೂ ಹೇಳಿದರು. "ಇದು ಮತ್ತೆ ಬಂದರೂ ಬರಬಹುದು. ಹೊಟ್ಟೆಯ ಮೇಲೆ ಚುಕ್ಕೆ ಕಂಡರೆ ಆ ದಿನವೇ ಬನ್ನಿ."

"ದಿನಾ ಬೆಳಿಗ್ಗೆ ಮಗುಚಿ ನೋಡ್ತೀವಿ," ಎಂದ ಗಂಡ. "ಅದಕ್ಕೀಗ ಅಭ್ಯಾಸ ಆಗಿಬಿಟ್ಟಿದೆ. ನಾನು ಎದ್ದು ಬಂದರೆ ತಾನೇ ಅಂಗಾತ ಮಲಗುತ್ತೆ."

"ಅದು ಪರೀಕ್ಷೆಗಲ್ಲ, ಕೆರೆಸಿಕೊಳ್ಳೋಕೆ," ಎಂದಳು ಹೆಂಡತಿ.

ಮೇಲಿನ ಕಿಟಕಿಯಿಂದ ಗೀಟಕ್ಕ ಅವರು ಹೋಗುವುದನ್ನು ನೋಡಿದಳು. ಬೀದಿಯಲ್ಲಿ ಗೋಂದು ಪ್ರತಿ ಕಂಬವನ್ನೂ ಮೂಸುತ್ತಿತ್ತು, ಅದು ನಿಂತಲ್ಲೆಲ್ಲ ಇಬ್ಬರೂ ನಿಲ್ಲುತ್ತಿದ್ದರು. ಹೆಂಡತಿ ಏನೋ ಹೇಳುತ್ತಿದ್ದಳು, ಗಂಡ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ತಿರುವಿನ ಹಣ್ಣಿನಂಗಡಿಯ ಮುಂದೆ ಗೋಂದು ಕದಲದೆ ಕೂತುಬಿಟ್ಟಿತು. ಗಂಡ ಒಂದು ಬಾಳೆಹಣ್ಣು ಸುಲಿದು ಅರ್ಧ ತಾನು ತಿಂದು, ಅರ್ಧ ಅದಕ್ಕೆ ಕೊಟ್ಟ. ಹೆಂಡತಿ ತನಗೆಲ್ಲಿ ಎಂಬಂತೆ ಕೈ ಚಾಚಿದಳು, ಅವನು ಇನ್ನೊಂದು ಸುಲಿಯತೊಡಗಿದ.